ಕೆರೆಯ ಛಾಯಾಚಿತ್ರಗಳಲ್ಲಿ ತೇಲುವ ಕಳೆಗಳನ್ನು ಗುರುತಿಸುವ ಬಗೆ

ದೂರದಿಂದ ತೆಗೆದ ಛಾಯಾಚಿತ್ರದಲ್ಲಿ ತೇಲುವ ಕಳೆಗಳೆಲ್ಲವೂ ಒಂದೇ ಹಸಿರು ಹಾಸಿನಂತೆ ಕಾಣುತ್ತವೆ. ಆದುದರಿಂದ ಇಡೀ ಕೆರೆಯ ಚಿತ್ರದೊಂದಿಗೆ, ದಡದ ಸಮೀಪದಿಂದ ಒಂದು ಗಿಡದ ಚಿತ್ರವನ್ನೂ ತೆಗೆಯತಕ್ಕದ್ದು.

ವಾಟರ್ ಹಯಸಿಂತ್ ಕಳೆಯ ಎಲೆಗಳು ದುಂಡಗೆ, ಹೊಳಪಾಗಿದ್ದು ನೀರಿನಿಂದ ಮೇಲೆದ್ದು ನಿಂತಿರುತ್ತವೆ. ಎಲೆಯ ತೊಟ್ಟು ಬುಗ್ಗೆಯಂತೆ ಉಬ್ಬಿರುತ್ತದೆ. ದಟ್ಟವಾಗಿ ಬೆಳೆದೆಡೆ ತೊಟ್ಟು ನೀಳವಾಗಿ, ಉಬ್ಬು ಕಾಣದೆ ಹೋಗಬಹುದು. ಆಗ ತಿಳಿನೇರಳೆ ಹೂವಿನ ಮೇಲಿನ ದಳದಲ್ಲಿರುವ ಹಳದಿ ಮಚ್ಚೆಯನ್ನು ನೋಡಬೇಕು. ಜನರು ಇದನ್ನೂ ಅಂತರಗಂಗೆ ಎಂದೇ ಕರೆಯುವುದುಂಟು. ನಿಜವಾದ ಅಂತರಗಂಗೆಯು ಬಿಡಿಸಿದ ಎಲೆಕೋಸಿನಂತಿದ್ದು, ಅದಕ್ಕೆ ತೊಟ್ಟಿರುವುದಿಲ್ಲ. ಎಲೆಗಳ ಮೇಲೆ ಉದ್ದುದ್ದ ಗೆರೆಗಳಿರುತ್ತವೆ. ಕಾಳಿನಷ್ಟು ಚಿಕ್ಕ ಎಲೆಗಳು ಬಿಡಿಬಿಡಿಯಾಗಿ ತೇಲುತ್ತಿದ್ದರೆ ಅದು ಡಕ್‌ವೀಡ್.

ಹಯಸಿಂತ್ ಬೀಜವನ್ನಷ್ಟೇ ನೆಚ್ಚಿಕೊಂಡಿಲ್ಲ. ತಾಯಿಗಿಡದಿಂದ ಹೊರಟ ಬಳ್ಳಿಯ ತುದಿಯಲ್ಲಿ ಮರಿಗಿಡ ಮೂಡಿ, ಅದೂ ಬಳ್ಳಿ ಬಿಡುತ್ತದೆ. ಚರಂಡಿ ನೀರಿನ ಸಾರಜನಕ ಹಾಗೂ ರಂಜಕ ದೊರೆತು, ಬೆಚ್ಚನೆಯ ಹವೆಯಿದ್ದರೆ ಅದರ ಹರವು ಸುಮಾರು ಎರಡು ವಾರಗಳಲ್ಲಿ ಇಮ್ಮಡಿಯಾಗಬಲ್ಲದು.

ಒಂದು ಎಕರೆಯ, ಅಂದರೆ 40 ಗುಂಟೆಯ ಕಟ್ಟೆಯಲ್ಲಿ 1 ಗುಂಟೆ ಕಳೆಯಿದೆ ಎಂದಿಟ್ಟುಕೊಳ್ಳಿ. ಇದೇ ವೇಗದಲ್ಲಿ ಅದು 6 ವಾರಗಳಿಗೆ 8 ಗುಂಟೆಯಾಗುತ್ತದೆ. ಚಿತ್ರದಲ್ಲಿ ಐದನೆಯ ಒಂದು ಭಾಗವಷ್ಟೇ ಹಸಿರಾಗಿ ಕಂಡರೂ, ಕಟ್ಟೆ ಮುಚ್ಚಲು ಉಳಿದಿರುವುದು 5 ವಾರಗಳಿಗೂ ಕಡಿಮೆ. ಸಭೆಯ ಮುಂದೆ ತರಬೇಕಾದ ಚಿತ್ರ 1 ಗುಂಟೆಯದು.

ತೆಗೆಸುವಾಗ ಬಿಟ್ಟ ತುಂಡುಗಳು ಮತ್ತೆ ಚಿಗುರುತ್ತವೆ. ಕೆಸರಿನಲ್ಲಿ ಬಿದ್ದ ಬೀಜಗಳು ಹಲವು ವರ್ಷ ಜೀವಂತವಾಗಿರುತ್ತವೆ. ಆದ್ದರಿಂದ ಹೂ ಬಿಡುವ ಮೊದಲೇ ಕಳೆಯನ್ನು ತೆಗೆದು, ಮಳೆನೀರು ಮರಳಿ ಕೊಚ್ಚಿ ತಾರದಷ್ಟು ದೂರದಲ್ಲಿ ರಾಶಿ ಹಾಕಿಸತಕ್ಕದ್ದು. ಚರಂಡಿ ನೀರನ್ನು ತಡೆಯದಿದ್ದಲ್ಲಿ ಅದೇ ಖರ್ಚು ಮರುಕಳಿಸುತ್ತದೆ.