ಹೊಲದ ಉತಾರದಾಗ ನಿಮ್ಮ ಹೆಸರಿದ್ರ ಯಾವ ಐಟಿಆರ್ ಫಾರ್ಮ್?

(ಪಾಡ್‌ಕಾಸ್ಟ್‌ನ ಬರಹ ರೂಪ)

ಮೊದಲ ಸಲ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ತುಂಬೋ ನೌಕರದಾರರಿಗೆ ಇವತ್ತಿನ ಸಂಚಿಕೆ. ನಾವು ಹೇಳ್ತಿರೋದು 2024-25ರ ಆದಾಯದ ಲೆಕ್ಕ. ಪೋರ್ಟಲ್‌ನಲ್ಲಿ ಅಸೆಸ್‌ಮೆಂಟ್ ಇಯರ್ ಅಂತ ಕೇಳಿದಾಗ 2025-26 ಆರಿಸಬೇಕು. ಜುಲೈ 31 ಇದ್ದ ಗಡುವನ್ನು 2025ರಲ್ಲಿ ಮೊದಲು ಸೆಪ್ಟೆಂಬರ್ 15ಕ್ಕೆ, ಆಮೇಲೆ ಸೆಪ್ಟೆಂಬರ್ 16ಕ್ಕೆ ಮುಂದೂಡಿದ್ದರು.

ಉದಾಹರಣೆಗೆ, ಕುಂದಗೋಳ ತಾಲ್ಲೂಕಿನ ಸಂಶಿಯಿಂದ ದಿನಾ ಹುಬ್ಬಳ್ಳಿಗೆ ಹೋಗಿ ಬರೋ ಒಬ್ಬ ಹುಡುಗ ಅಂತ ಇಟ್ಕೊಳ್ಳೋಣ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಒಂದು ಕಂಪನಿಯಲ್ಲಿ ತಿಂಗಳಿಗೆ 50,000, ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗೆ ಇನ್ನೊಂದರಲ್ಲಿ 80,000. ಊರಲ್ಲಿ ಎರಡು ಎಕರೆ ಹೊಲ ಅವನ ಹೆಸರಿಗೇ ಇದೆ, ಮೆಣಸಿನಕಾಯಿ ಬೆಳೀತಾರೆ.

ಸಂಬಳ ಅಷ್ಟೇ ಇದ್ದವರಿಗೆ ಐಟಿಆರ್-1 ಅಂದ್ರೆ ಸಹಜ್ ಸಾಕು ಅಂತ ಎಲ್ಲರೂ ಹೇಳ್ತಾರೆ. ಮಾತು ಸರಿ, ಆದರೆ ವರ್ಷದ ಕೃಷಿ ಆದಾಯ 5,000 ರೂಪಾಯಿ ದಾಟಿದರೆ ಸಹಜ್ ನಡೆಯೋದಿಲ್ಲ, ಐಟಿಆರ್-2 ತುಂಬಬೇಕು. ಹೊಲ ಅಪ್ಪನ ಹೆಸರಲ್ಲಿದ್ದು, ದುಡ್ಡೂ ಅಪ್ಪನದೇ ಆಗಿದ್ದರೆ ಅದು ಮಗನ ಲೆಕ್ಕಕ್ಕೆ ಬರೋದಿಲ್ಲ. ಅದಕ್ಕೇ ಮೊದಲು ಉತಾರ ನೋಡ್ರಿ ಅನ್ನೋದು. ನಮ್ಮ ಹುಡುಗ ಮೆಣಸಿನಕಾಯಿ ಮಾರಿದ್ದು ಒಂದು ಲಕ್ಷಕ್ಕೆ. ಬೀಜ, ಗೊಬ್ಬರ, ಆಳಿನ ಖರ್ಚು 60,000. ಉಳಿದ 40,000 ಅವನ ಕೃಷಿ ಆದಾಯ. ಹಾಗಾಗಿ ಐಟಿಆರ್-2. ಈ ಮೂರೂ ಅಂಕಿ Schedule EI ಅನ್ನೋ ಪುಟದಲ್ಲಿ ಬರೀಬೇಕು. ತಪ್ಪು ಫಾರ್ಮ್ ಹಾಕಿದರೆ ರಿಟರ್ನ್ ದೋಷಪೂರಿತ ಅಂತ ನೋಟಿಸ್ ಬರಬಹುದು, ಸರಿಪಡಿಸೋಕೆ 15 ದಿನ ಕೊಡ್ತಾರೆ.

ಇನ್ನು ಸಂಬಳ. incometax.gov.inನಲ್ಲಿ ಪ್ಯಾನ್ ನಂಬರ್ ಹಾಕಿ ಲಾಗಿನ್ ಆಗಿ, e-File ಒಳಗೆ ರಿಟರ್ನ್ ತೆರೆದರೆ ಸಂಬಳದ ಅಂಕಿ ಮೊದಲೇ ತುಂಬಿರುತ್ತದೆ. ಹಾಗಂತ ಕಣ್ಣುಮುಚ್ಚಿ ಒಪ್ಕೋಬೇಡ್ರಿ. ಎರಡೂ ಕಂಪನಿಗಳ ಫಾರ್ಮ್ 16 ಪಕ್ಕದಲ್ಲಿ ಇಟ್ಕೊಂಡು, ಒಬ್ಬೊಬ್ಬ ಮಾಲೀಕರನ್ನೂ ಬೇರೆ ಬೇರೆಯಾಗಿ ಸೇರಿಸಿ. ಬರೀಬೇಕಾದ್ದು ಪಾರ್ಟ್ ಬಿಯಲ್ಲಿರೋ ಒಟ್ಟು ಸಂಬಳ. ಬ್ಯಾಂಕಿಗೆ ಬಂದದ್ದು ಪಿಎಫ್ ಕಳೆದು ಬಂದದ್ದು, ಅದಲ್ಲ.

ಎಡವಟ್ಟು ಆಗೋದು ಇಲ್ಲೇ. ಮೊದಲ ಕಂಪನಿ ವರ್ಷಕ್ಕೆ ಆರು ಲಕ್ಷ ಅಂತ ಅಂದಾಜು ಮಾಡ್ತು, ತೆರಿಗೆ ಹಿಡೀಲಿಲ್ಲ. ಎರಡನೆಯದು ತಾನು ಕೊಟ್ಟ 5,60,000 ಅಷ್ಟೇ ನೋಡ್ತು, ಅದೂ ಹಿಡೀಲಿಲ್ಲ. ಇಬ್ಬರೂ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕೊಟ್ಟಿದ್ದಾರೆ. ಎರಡು ಫಾರ್ಮ್ 16ರಲ್ಲೂ ತೆರಿಗೆ ಸೊನ್ನೆ ಅಂತ ಕಂಡಾಗ ಹುಡುಗ ನಿಶ್ಚಿಂತೆ. ಆದರೆ ಒಟ್ಟು ಸಂಬಳ 8,10,000, ಡಿಡಕ್ಷನ್ ಸಿಗೋದು ಒಂದೇ ಸಲ. ಉಳಿದದ್ದು 7,35,000. ಹೊಸ ಪದ್ಧತಿಯಲ್ಲಿ ಆ ವರ್ಷ ಏಳು ಲಕ್ಷದವರೆಗಿನ ಆದಾಯಕ್ಕೆ ಮಾತ್ರ ಪೂರ್ತಿ ರಿಯಾಯಿತಿ, ಇವನು ಅದನ್ನು ದಾಟಿದ. ಸಂಬಳದ ಮೇಲೆ ತೆರಿಗೆ 23,500.

ಮೆಣಸಿನಕಾಯಿಯ 40,000ಕ್ಕೆ ನೇರ ತೆರಿಗೆ ಇಲ್ಲ. ಆದರೂ ದರ ಲೆಕ್ಕ ಹಾಕುವಾಗ ಅದನ್ನು ಸಂಬಳದ ಜೊತೆ ಕೂಡಿಸ್ತಾರೆ. 7,75,000ಕ್ಕೆ ಆಗೋ ತೆರಿಗೆ 27,500. ಅದರಿಂದ 3,40,000ಕ್ಕೆ, ಅಂದ್ರೆ ಮೂರು ಲಕ್ಷದ ಮಿತಿ ಮತ್ತು ಕೃಷಿ ಆದಾಯ ಕೂಡಿದ್ದಕ್ಕೆ, ಆಗೋ 2,000 ಕಳೀತಾರೆ. ಉಳಿದದ್ದು 25,500. ಸೆಸ್ ಸೇರಿ 26,520. ಈ ಲೆಕ್ಕ ಪೋರ್ಟಲ್ ತಾನೇ ಮಾಡುತ್ತದೆ, ನೀವು ಅಂಕಿ ಸರಿಯಾಗಿ ಕೊಟ್ಟರೆ ಸಾಕು. ವರ್ಷದೊಳಗೆ ಮುಂಗಡ ತೆರಿಗೆ ಕಟ್ಟದೇ ಇದ್ದದ್ದಕ್ಕೆ ಬಡ್ಡಿಯೂ ಸೇರುತ್ತದೆ, ತಡ ಮಾಡಿದಷ್ಟೂ ಬೆಳೆಯುತ್ತದೆ.

"ಎರಡನೇ ಕಂಪನಿ ಬರೀಲಿ ಅಂತ ಬಿಟ್ಟರೆ ಏನಾಗ್ತದ?" ಅಂತ ಕೆಲವರು ಕೇಳ್ತಾರೆ. ಎರಡೂ ಸಂಬಳ ಇಲಾಖೆಯ ಎಐಎಸ್ ದಾಖಲೆಯಲ್ಲಿ ಕಾಣಬಹುದು, ಲಾಗಿನ್ ಆದರೆ ನೀವೂ ನೋಡಬಹುದು. ನೌಕರಿ ಬದಲಿಸಿದಾಗಲೇ ಹಳೆ ಸಂಬಳವನ್ನು ಫಾರ್ಮ್ 12ಬಿಯಲ್ಲಿ ಹೊಸ ಕಂಪನಿಗೆ ತಿಳಿಸಿದ್ದರೆ, ಅವರೇ ತಿಂಗಳು ತಿಂಗಳು ಹಿಡೀತಿದ್ದರು. ಹಾಗೆ ತಿಳಿಸಿದವರು ಒಂದು ನೋಡ್ಕೋಬೇಕು: ಹೊಸ ಫಾರ್ಮ್ 16ರಲ್ಲಿ ಹಳೆ ಸಂಬಳವೂ ಬಂದಿರುತ್ತದೆ, ಅದನ್ನು ಎರಡು ಸಲ ಕೂಡಿಸಬಾರದು.

ಬಾಕಿ ಹಣವನ್ನು e-Pay Taxನಲ್ಲಿ ಕಟ್ಟಿ, ಚಲನ್ ವಿವರ ರಿಟರ್ನ್‌ನಲ್ಲಿ ಬಂದಿದೆಯೇ ನೋಡಿ, ಆಮೇಲೆ ಸಲ್ಲಿಸ್ರಿ. ಸಲ್ಲಿಸಿದ 30 ದಿನದೊಳಗೆ ಆಧಾರ್ ಒಟಿಪಿ ಹಾಕಿ ದೃಢೀಕರಿಸಬೇಕು. ಆಧಾರ್‌ಗೆ ಜೋಡಿಸಿದ ಸಿಮ್ ಊರಲ್ಲಿ ಅವ್ವನ ಫೋನ್‌ನಲ್ಲಿದ್ದರೆ, ಅವರಿಗೆ ಮೊದಲೇ ಹೇಳಿಟ್ಟಿರ್ರಿ.