ಬ್ಯಾಟಿನ ಆಯ್ಕೆ: ಕಣ್ಣಿಗಿಂತ ಕೈ ಹೇಳುವುದೇ ಹೆಚ್ಚು

ಕ್ರಿಕೆಟ್ ಬ್ಯಾಟಿನ ಬ್ಲೇಡ್ ಮರದ್ದೇ ಆಗಿರಬೇಕು ಎನ್ನುತ್ತದೆ ಆಟದ ನಿಯಮ. ಆ ಮರ ವಿಲ್ಲೋ. ಹಗುರವಾಗಿದ್ದೂ ಚರ್ಮದ ಚೆಂಡಿನ ಹೊಡೆತವನ್ನು ಸೀಳಿಹೋಗದೆ ತಾಳಿಕೊಳ್ಳುವುದು ಇದರ ವಿಶೇಷ ಗುಣ. ವಿಲ್ಲೋ ನಾರು ಮೆದು. ಬ್ಯಾಟ್ ತಯಾರಿಸುವಾಗ ಬ್ಲೇಡನ್ನು ಯಂತ್ರದಲ್ಲಿಟ್ಟು ಬಲವಾಗಿ ಒತ್ತುತ್ತಾರೆ. ಆಗ ಮೇಲ್ಪದರ ಗಟ್ಟಿಯಾಗುತ್ತದೆ, ಒಳಭಾಗದ ಸ್ಥಿತಿಸ್ಥಾಪಕ ಗುಣ ಉಳಿಯುತ್ತದೆ. ಚೆಂಡು ಚಿಮ್ಮುವುದು ಈ ಎರಡು ಗುಣಗಳು ಸೇರುವುದರಿಂದ.

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಬಗೆಯ ವಿಲ್ಲೋ ಸಿಗುತ್ತದೆ. ಇಂಗ್ಲೆಂಡಿನ ಎಸೆಕ್ಸ್, ಸಫೋಕ್ ಕಡೆ ಬೆಳೆಯುವ ಇಂಗ್ಲಿಷ್ ವಿಲ್ಲೋ ಬೆಳ್ಳಗೆ, ಹಗುರವಾಗಿರುತ್ತದೆ. ಕಾಶ್ಮೀರದ ಅನಂತನಾಗ್ ಸುತ್ತಮುತ್ತಲಿನ ಕಾಶ್ಮೀರ ವಿಲ್ಲೋ ತುಸು ಕಂದು ಬಣ್ಣದ್ದು, ಸಾಮಾನ್ಯವಾಗಿ ಹೆಚ್ಚು ಸಾಂದ್ರ. ಒಂದೇ ಗಾತ್ರದ ಎರಡು ಬ್ಯಾಟುಗಳಲ್ಲಿ ಕಾಶ್ಮೀರದ್ದು ಭಾರವೆನಿಸುವುದಕ್ಕೆ ಇದೇ ಕಾರಣ. ಬೆಲೆ ಕಡಿಮೆ, ಬಾಳಿಕೆ ಚೆನ್ನ. ಹಾಗಾಗಿ ಕಲಿಯುವವರಿಗೂ ಟೆನಿಸ್ ಚೆಂಡಿನ ಪಂದ್ಯಗಳಿಗೂ ಅದು ಒಪ್ಪುತ್ತದೆ.

ಇಂಗ್ಲಿಷ್ ವಿಲ್ಲೋವನ್ನು ಗ್ರೇಡುಗಳಾಗಿ ವಿಂಗಡಿಸುತ್ತಾರೆ. ಬ್ಲೇಡಿನ ಮೇಲೆ ಉದ್ದಕ್ಕೆ ಕಾಣುವ ಗೆರೆಗಳೇ ಗ್ರೇನ್. ಒಂದೊಂದು ಗೆರೆಯೂ ಮರದ ಒಂದು ವರ್ಷದ ಬೆಳವಣಿಗೆಯ ಗುರುತು. ಗೆರೆಗಳು ನೇರವಾಗಿ, ಸಮಾನ ಅಂತರದಲ್ಲಿದ್ದು, ಕಲೆ, ಗಂಟು ಇಲ್ಲದಿದ್ದರೆ ಗ್ರೇಡ್ 1. ಅಂಚಿನಲ್ಲಿ ಕೆಂಪು ಛಾಯೆಯೋ ಸಣ್ಣ ಚುಕ್ಕೆಯೋ ಇದ್ದರೆ ಗ್ರೇಡ್ 2. ಗೆರೆ ಓರೆಯಾಗಿ, ಬಣ್ಣದ ಪಟ್ಟೆ ಅಗಲವಾದಂತೆ ಗ್ರೇಡ್ ಇನ್ನೂ ಇಳಿಯುತ್ತದೆ. ಇದಕ್ಕೆ ಎಲ್ಲ ತಯಾರಕರೂ ಒಪ್ಪಿದ ಒಂದೇ ಅಳತೆಗೋಲಿಲ್ಲ. ಒಬ್ಬರ ಗ್ರೇಡ್ 2 ಇನ್ನೊಬ್ಬರಲ್ಲಿ ಗ್ರೇಡ್ 1 ಎನಿಸಿಕೊಳ್ಳಬಹುದು.

ಕೊಳ್ಳುವವರು ಮರೆಯಬಾರದ ಸಂಗತಿಯೊಂದಿದೆ: ಗ್ರೇಡ್ ಎನ್ನುವುದು ಬಹುಮಟ್ಟಿಗೆ ಮರದ ನೋಟಕ್ಕೆ ಕೊಟ್ಟ ಅಂಕ. ಕೆಂಪು ಛಾಯೆ ಮರದ ತಿರುಳಿನ ಭಾಗದ್ದು. ಅದರಿಂದ ಚೆಂಡಿನ ಓಟ ಕುಂದಲೇಬೇಕೆಂದಿಲ್ಲ. ಗೆರೆಗಳ ಎಣಿಕೆ ಮಾತ್ರ ಬಾಳಿಕೆಯ ಬಗ್ಗೆ ಸ್ವಲ್ಪ ಸುಳಿವು ಕೊಡುತ್ತದೆ. ಹತ್ತು, ಹನ್ನೆರಡು ಒತ್ತೊತ್ತಾದ ಗೆರೆಗಳಿರುವ ಬ್ಯಾಟ್ ಮೊದಲ ದಿನಗಳಿಂದಲೇ ಚೆನ್ನಾಗಿ ಚಿಮ್ಮುತ್ತದೆ, ಆದರೆ ಬೇಗ ಬಿರುಕು ಬಿಡುವ ಸಂಭವ ಹೆಚ್ಚು. ಐದಾರು ಅಗಲ ಗೆರೆಗಳ ಬ್ಯಾಟ್ ಪಳಗಲು ಸಮಯ ಬೇಡುತ್ತದೆ, ಆಮೇಲೆ ಹೆಚ್ಚು ಕಾಲ ಬಾಳುತ್ತದೆ.

ಮರದ ನಂತರ ತೂಕ. ಬ್ಯಾಟಿನ ಉದ್ದ 96.52 ಸೆಂ.ಮೀ., ಬ್ಲೇಡಿನ ಅಗಲ 10.8 ಸೆಂ.ಮೀ. ಮೀರಬಾರದು, 2017ರಿಂದ ಅಂಚಿನ ದಪ್ಪಕ್ಕೆ 4 ಸೆಂ.ಮೀ., ಬ್ಲೇಡಿನ ಆಳಕ್ಕೆ 6.7 ಸೆಂ.ಮೀ. ಮಿತಿಯೂ ಬಂದಿದೆ. ತೂಕಕ್ಕೆ ಮಾತ್ರ ನಿಯಮದಲ್ಲಿ ಯಾವ ಮಿತಿಯೂ ಇಲ್ಲ. ವಯಸ್ಕರ ಬ್ಯಾಟುಗಳು ಹೆಚ್ಚಾಗಿ 1,100ರಿಂದ 1,250 ಗ್ರಾಂ ಒಳಗಿರುತ್ತವೆ. ಸಚಿನ್ ತೆಂಡೂಲ್ಕರ್ ಸುಮಾರು 1.4 ಕಿಲೋ ತೂಗುವ ಬ್ಯಾಟ್ ಬಳಸುತ್ತಿದ್ದರು. ಆ ತೂಕಕ್ಕೆ ಅವರ ಮುಂಗೈ ಬಲವೂ ವರ್ಷಗಳ ಅಭ್ಯಾಸವೂ ಒಗ್ಗಿದ್ದವು. ಸಾಮಾನ್ಯ ಆಟಗಾರ ಅದನ್ನು ಅನುಕರಿಸಿದರೆ ಬ್ಯಾಟ್ ಚೆಂಡಿಗಿಂತ ತಡವಾಗಿ ಬರುತ್ತದೆ, ಮೊದಲು ಕೆಡುವುದು ಪುಲ್ ಮತ್ತು ಕಟ್. ದಪ್ಪ ಅಂಚಿದ್ದೂ ತೀರಾ ಹಗುರವಾದ ಬ್ಯಾಟಿನ ವಿಷಯದಲ್ಲೂ ಎಚ್ಚರ ಬೇಕು. ಮರವನ್ನು ಹೆಚ್ಚು ಒಣಗಿಸಿ ಹಗುರ ಮಾಡಿದ್ದರೆ ಅದು ಬೇಗ ಸೀಳುತ್ತದೆ.

ತಕ್ಕಡಿಯ ತೂಕ ಒಂದೇ ಇದ್ದರೂ ಎರಡು ಬ್ಯಾಟುಗಳು ಕೈಗೆ ಬೇರೆಬೇರೆ ತೂಕದವು ಎನಿಸಬಹುದು. ಎತ್ತಿದಾಗಿನ ಈ ಅನುಭವವೇ ಪಿಕ್-ಅಪ್. ಮರ ಬ್ಲೇಡಿನ ಯಾವ ಭಾಗದಲ್ಲಿ ಹೆಚ್ಚಾಗಿ ಕೂಡಿದೆ ಎಂಬುದೇ ಇದನ್ನು ತೀರ್ಮಾನಿಸುತ್ತದೆ. ತಿರುಗುವ ವಸ್ತುವಿನ ಒಂದು ಭಾಗ ಒಡ್ಡುವ ಜಡತ್ವ, ಅದು ತಿರುಗುವ ಕೇಂದ್ರದಿಂದ ಇರುವ ದೂರದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಕೈಯಿಂದ 55 ಸೆಂ.ಮೀ. ದೂರದಲ್ಲಿದ್ದ 50 ಗ್ರಾಂ ಮರ 75 ಸೆಂ.ಮೀ. ದೂರಕ್ಕೆ ಹೋದರೆ ತಕ್ಕಡಿಯ ಮುಳ್ಳು ಅಲುಗುವುದಿಲ್ಲ. ಆದರೆ ಬೀಸುವ ಕೈಗೆ ಆ ಮರ ಒಡ್ಡುವ ಪ್ರತಿರೋಧ ಸುಮಾರು 1.9 ಪಟ್ಟಾಗುತ್ತದೆ. ಟೋ ಕಡೆ ಮರ ಹೆಚ್ಚಿದ್ದರೆ ಬ್ಯಾಟ್ ಭಾರವೆನಿಸುವುದೂ, ಹಿಂಬದಿಯ ಮರವನ್ನು ಕೆತ್ತಿ ಮಧ್ಯಕ್ಕೆ ತಂದರೆ ಹಗುರವೆನಿಸುವುದೂ ಇದರಿಂದಲೇ. ಹ್ಯಾಂಡಲ್‌ಗೆ ಇನ್ನೊಂದು ಗ್ರಿಪ್ ಏರಿಸಿದಾಗ ಒಟ್ಟು ತೂಕ ಹೆಚ್ಚುತ್ತದೆ, ಆದರೆ ಭಾರದ ಕೇಂದ್ರ ಕೈಯ ಕಡೆ ಸರಿಯುವುದರಿಂದ ಬ್ಲೇಡ್ ಹಗುರವಾದಂತೆ ಅನಿಸುತ್ತದೆ.

ಪಿಕ್-ಅಪ್ ನೋಡಲು ಸರಳ ದಾರಿಯಿದೆ. ಬಲಗೈ ಬ್ಯಾಟರ್ ಆದರೆ ಎಡಗೈಯೊಂದರಲ್ಲೇ, ಎಡಗೈ ಬ್ಯಾಟರ್ ಆದರೆ ಬಲಗೈಯಲ್ಲೇ, ಹ್ಯಾಂಡಲಿನ ಮೇಲ್ಭಾಗ ಹಿಡಿದು ಡ್ರೈವ್ ಹೊಡೆಯುವಂತೆ ಹತ್ತಾರು ಬಾರಿ ನಿಧಾನವಾಗಿ ಬೀಸಬೇಕು. ಮುಂಗೈ ತಿರುಚಿಕೊಂಡರೆ, ಟೋ ಕೆಳಗೆ ಎಳೆದರೆ ಆ ಬ್ಯಾಟ್ ಭಾರವಾಯಿತೆಂದೇ ಅರ್ಥ.

ಚೆಂಡು ತಗುಲಿದಾಗ ಕೈಗೆ ಅತಿ ಕಡಿಮೆ ಕಂಪನ ತಲುಪಿ, ಚೆಂಡಿಗೆ ಹೆಚ್ಚು ವೇಗ ಸಿಗುವ ಜಾಗವೇ ಸ್ವೀಟ್ ಸ್ಪಾಟ್. ಅದು ಒಂದು ಬಿಂದುವಲ್ಲ, ಬ್ಲೇಡಿನ ಕೆಳಭಾಗದಲ್ಲಿ ಟೋದಿಂದ ಸುಮಾರು 15 ಸೆಂ.ಮೀ. ಮೇಲಿನ ಆಸುಪಾಸಿನ ಪ್ರದೇಶ. ಹಿಂಬದಿಯ ಉಬ್ಬು ಎಲ್ಲಿ ಅತಿ ದಪ್ಪವೋ ಅದರ ನೇರಕ್ಕೆ ಇದನ್ನು ಹುಡುಕಬಹುದು. ಅಂಗಡಿಯಲ್ಲಿ ಮರದ ಸುತ್ತಿಗೆಯಿಂದ ಟೋ ಕಡೆಯಿಂದ ಮೇಲಕ್ಕೆ ಹಗುರವಾಗಿ ತಟ್ಟುತ್ತ ಹೋದರೆ, ಒಂದೆಡೆ ಸುತ್ತಿಗೆ ಚೆನ್ನಾಗಿ ಪುಟಿಯುತ್ತದೆ, ಹಿಡಿದ ಕೈ ನಡುಗುವುದಿಲ್ಲ. ಚೆಂಡು ಕೆಳಗೇ ಉಳಿಯುವ ನಿಧಾನ ಪಿಚ್‌ಗಳಲ್ಲಿ ಆ ಜಾಗ ಕೆಳಗಿದ್ದರೆ ಒಳ್ಳೆಯದು. ಆಸ್ಟ್ರೇಲಿಯಾದಂಥ ಪುಟಿಯುವ ಪಿಚ್‌ಗಳಿಗೆ ತುಸು ಮೇಲಿರಬೇಕು.

ಇವೆಲ್ಲ ಒಟ್ಟಿಗೆ ಹೇಗೆ ಕೆಲಸ ಮಾಡುತ್ತವೆ ಎಂಬುದಕ್ಕೆ ಒಂದು ಉದಾಹರಣೆ. ಚೆಂಡು ಮೊಣಕಾಲಿಗಿಂತ ಹೆಚ್ಚು ಏಳದ ನಿಧಾನ ಪಿಚ್‌ನಲ್ಲಿ ಲೀಗ್ ಆಡುವ, ಮುಂಗಾಲಿನ ಡ್ರೈವ್‌ಗಳನ್ನೇ ನೆಚ್ಚಿಕೊಂಡ ಬ್ಯಾಟರ್ ಮುಂದೆ ಮೂರು ಬ್ಯಾಟುಗಳಿವೆ ಎನ್ನಿ. ಮೊದಲನೆಯದು ಗ್ರೇಡ್ 1, 1,220 ಗ್ರಾಂ, ಉಬ್ಬು ಮೇಲಿದೆ. ಎರಡನೆಯದು ಗ್ರೇಡ್ 1, 1,180 ಗ್ರಾಂ, ಉಬ್ಬು ಕೆಳಗಿದೆ, ಆದರೆ ಟೋ ಎಳೆಯುತ್ತದೆ. ಮೂರನೆಯದು ಗ್ರೇಡ್ 3, ಅದೂ 1,180 ಗ್ರಾಂ, ಬದಿಯಲ್ಲಿ ಕೆಂಪು ಪಟ್ಟೆ. ಉಬ್ಬು ತಕ್ಕಮಟ್ಟಿಗೆ ಕೆಳಗಿದ್ದು ಒಂಟಿ ಕೈಯಲ್ಲಿ ಸಲೀಸಾಗಿ ಬೀಸಬಹುದು. ಮೊದಲನೆಯದರ ಸ್ವೀಟ್ ಸ್ಪಾಟ್ ಆ ಪಿಚ್‌ನ ಚೆಂಡಿಗೆ ಎಟುಕುವುದಿಲ್ಲ. ಎರಡನೆಯದಕ್ಕೆ ಇನ್ನೊಂದು ಗ್ರಿಪ್ ಏರಿಸಿ ನೋಡಬಹುದು, ಆದರೂ ಟೋ ಎಳೆತ ಪೂರ್ತಿ ಹೋಗದು. ಆ ಬ್ಯಾಟರ್‌ಗೆ ಸರಿಹೊಂದುವುದು ಮೂರನೆಯದು. ಅದರ ಬೆಲೆಯೂ ಮೂರರಲ್ಲಿ ಕಡಿಮೆ ಇರುತ್ತದೆ.

ಕೊಂಡ ದಿನವೇ ಹೊಸ ಬ್ಯಾಟನ್ನು ಪಂದ್ಯಕ್ಕೆ ಒಯ್ಯಬಾರದು. ಅಗಸೆ ಎಣ್ಣೆಯನ್ನು ತೆಳುವಾಗಿ ಸವರಿ, ಮರದ ಸುತ್ತಿಗೆಯಿಂದ ಹಲವು ಗಂಟೆ ತಟ್ಟಿ ಪಳಗಿಸಬೇಕು. ಅಂಚು ಮತ್ತು ಟೋಗೆ ಹೆಚ್ಚಿನ ಗಮನ ಬೇಕು, ಬಿರುಕು ಹೆಚ್ಚಾಗಿ ಶುರುವಾಗುವುದು ಅಲ್ಲಿಂದಲೇ. ಬ್ಯಾಟ್ ಕೊಳ್ಳುವಾಗ ಮೊದಲು ಎತ್ತಿ ನೋಡಿ, ಆಮೇಲೆ ತಟ್ಟಿ ನೋಡಿ. ಗ್ರೇಡಿನ ಸ್ಟಿಕ್ಕರ್ ನೋಡುವುದು ಕೊನೆಗಿರಲಿ.