ಮೂವತ್ತಾರು ತುಂಬಿದ ಮೇಲೆ ಎಪ್ಪತ್ತೈದು ಉಳಿಯುವುದಿಲ್ಲ

ರಾಷ್ಟ್ರೀಯ ಪಿಂಚಣಿ ಯೋಜನೆ, ಅಂದರೆ ಎನ್‌ಪಿಎಸ್‌ನಲ್ಲಿ ‘ಆಟೋ ಚಾಯ್ಸ್’ ಆರಿಸಲು ಹೊರಟವರಿಗೆ ಎಲ್‌ಸಿ75, ಎಲ್‌ಸಿ50, ಎಲ್‌ಸಿ25 ಎಂಬ ಹೆಸರುಗಳು ಎದುರಾಗುತ್ತವೆ. ಹೆಸರಿನಲ್ಲಿರುವ ಅಂಕಿ ಷೇರುಪೇಟೆಗೆ ಹೋಗುವ ಗರಿಷ್ಠ ಶೇಕಡಾವಾರು ಪಾಲು. ಮಿಕ್ಕಿದ್ದು ಕಂಪನಿಗಳ ಸಾಲಪತ್ರಗಳಿಗೂ ಸರ್ಕಾರಿ ಬಾಂಡ್‌ಗಳಿಗೂ ಹಂಚಿಹೋಗುತ್ತದೆ. 34ರ ವಯಸ್ಸಿನವರೊಬ್ಬರು ಧೈರ್ಯ ಮಾಡಿ ಎಲ್‌ಸಿ75 ಆರಿಸಿದರೆ, ನಿವೃತ್ತಿಯವರೆಗೂ ಮುಕ್ಕಾಲು ಹಣ ಷೇರಿನಲ್ಲೇ ಇರುತ್ತದೆ ಎಂದುಕೊಳ್ಳುವುದು ಸಹಜ.

ಇರುವುದಿಲ್ಲ. ಆ ಪಾಲು 35ನೇ ವಯಸ್ಸಿನವರೆಗೆ ಮಾತ್ರ. 36ನೇ ಹುಟ್ಟುಹಬ್ಬದಂದು ಅದು ಶೇ. 71ಕ್ಕೆ ಇಳಿಯುತ್ತದೆ, ಆಮೇಲೆ ಪ್ರತಿ ಹುಟ್ಟುಹಬ್ಬಕ್ಕೂ ಇನ್ನಷ್ಟು ಇಳಿಯುತ್ತದೆ. 40ಕ್ಕೆ ಶೇ. 55, 45ಕ್ಕೆ ಶೇ. 35, 50ಕ್ಕೆ ಶೇ. 20, 55ಕ್ಕೆ ಶೇ. 15. ‘ಮಧ್ಯಮ’ ಎನಿಸಿಕೊಂಡ ಎಲ್‌ಸಿ50ರ ಲೆಕ್ಕ 45ಕ್ಕೆ ಶೇ. 30, 50ಕ್ಕೆ ಅದೇ ಶೇ. 20. ಅಂದರೆ ಮೂವತ್ತೈದರ ಆಸುಪಾಸಿನಲ್ಲಿ ಖಾತೆ ತೆರೆದವರಿಗೆ ಈ ಎರಡರ ನಡುವಿನ ದೊಡ್ಡ ಅಂತರವೆಲ್ಲ ಮೊದಲ ಹತ್ತು ವರ್ಷಗಳಲ್ಲೇ ಮುಗಿದುಹೋಗುತ್ತದೆ. ಆ ಹತ್ತು ವರ್ಷಗಳಲ್ಲಿ ಖಾತೆಯಲ್ಲಿ ಇರುವುದಾದರೂ ಎಷ್ಟು?

ಲೆಕ್ಕ ಹಾಕಿ ನೋಡಬಹುದು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ 34ರ ಮಹಿಳೆಯೊಬ್ಬರು ತಿಂಗಳಿಗೆ 8,000 ರೂಪಾಯಿ ಎನ್‌ಪಿಎಸ್‌ಗೆ ಕಟ್ಟುತ್ತಾರೆ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ ಶೇ. 8ರಂತೆ ಬೆಳೆದರೆ 50ನೇ ವಯಸ್ಸಿಗೆ ಸುಮಾರು 31 ಲಕ್ಷ, 60ಕ್ಕೆ ಸುಮಾರು 83 ಲಕ್ಷ. ಅರ್ಧಕ್ಕಿಂತ ಹೆಚ್ಚು ಗಂಟು ಸೇರುವುದೇ ಕೊನೆಯ ಹತ್ತು ವರ್ಷಗಳಲ್ಲಿ. ಆ ಹೊತ್ತಿಗೆ ಎಲ್‌ಸಿ75 ಹೆಸರಿಗಷ್ಟೇ ಷೇರಿನ ಖಾತೆ, ಒಳಗಿರುವುದು ಬಹುಪಾಲು ಬಾಂಡು. ಅದೇ 8,000 ರೂಪಾಯಿ ಶೇ. 10ರಂತೆ ಬೆಳೆದರೆ 60ಕ್ಕೆ ಸುಮಾರು 1.18 ಕೋಟಿಯಾಗುತ್ತದೆ. ಶೇ. 8, ಶೇ. 10 ಎಂಬುವು ಯಾರೂ ಕೊಟ್ಟ ಭರವಸೆಗಳಲ್ಲ, ಬರೀ ಲೆಕ್ಕಕ್ಕೆ ಹಿಡಿದ ದರಗಳು. ಆದರೆ ಎರಡು ಪರ್ಸೆಂಟಿನ ವ್ಯತ್ಯಾಸ 26 ವರ್ಷದಲ್ಲಿ 35 ಲಕ್ಷವಾಗುವುದನ್ನು ಅವು ತೋರಿಸುತ್ತವೆ.

ಹಾಗಾದರೆ ಷೇರಿನ ಭಯ ಸುಳ್ಳೇ? ಸುಳ್ಳಲ್ಲ. 2020ರ ಜನವರಿಯಲ್ಲಿ 42 ಸಾವಿರದ ಹತ್ತಿರವಿದ್ದ ಸೆನ್ಸೆಕ್ಸ್ ಮಾರ್ಚ್ 23ಕ್ಕೆ 26 ಸಾವಿರದ ಕೆಳಗೆ ಬಿತ್ತು. ಇಳಿತ ಶೇ. 38ರಷ್ಟು. ಅಂಥದ್ದೇ ಹೊಡೆತ ನಮ್ಮ ಲೆಕ್ಕಪತ್ರದ ಮಹಿಳೆಗೆ ಈಗ, ಖಾತೆಯಲ್ಲಿ 5 ಲಕ್ಷವಿದ್ದು ಶೇ. 75 ಷೇರಿನಲ್ಲಿರುವಾಗ ಬಿದ್ದರೆ ನಷ್ಟ ಸುಮಾರು 1.42 ಲಕ್ಷ, ಅಂದರೆ ಹದಿನೆಂಟು ತಿಂಗಳ ಕಂತಿನಷ್ಟು. ಮುಂದೆ 26 ವರ್ಷ ಕಂತು ಕಟ್ಟಲಿಕ್ಕಿರುವವರಿಗೆ ಅದು ತಡೆದುಕೊಳ್ಳಬಹುದಾದ ಪೆಟ್ಟು, ಬಿದ್ದ ಬೆಲೆಯಲ್ಲಿ ಹೊಸ ಯೂನಿಟ್ ಕೊಳ್ಳುವ ಅವಕಾಶವೂ ಹೌದು. 58ನೇ ವಯಸ್ಸಿನಲ್ಲಿ, 70 ಲಕ್ಷದ ಮೇಲೆ, ಅದೇ ಪಾಲು ಇಟ್ಟುಕೊಂಡಿರುವಾಗ ಬಿದ್ದರೆ ಹೋಗುವುದು ಸುಮಾರು 20 ಲಕ್ಷ. ವಯಸ್ಸಿಗೆ ತಕ್ಕಂತೆ ಷೇರು ಇಳಿಸುವ ಕ್ರಮ ಹುಟ್ಟಿದ್ದು ಇದಕ್ಕೇ. ತಕರಾರು ಇಷ್ಟೇ: ಎಲ್‌ಸಿ75 ಬಲು ಬೇಗ ಇಳಿಸಲು ಶುರುಮಾಡುತ್ತದೆ.

ನಿಜವಾದ ನಷ್ಟ ಬೇರೊಂದು ಕಡೆ ಆಗುತ್ತದೆ. ಎನ್‌ಪಿಎಸ್‌ನಲ್ಲಿ ಹೂಡಿಕೆಯ ಆಯ್ಕೆ ಬದಲಿಸಿದರೆ ಮುಂದಿನ ಕಂತಷ್ಟೇ ಅಲ್ಲ, ಈವರೆಗೆ ಕೂಡಿದ ಹಣವೂ ಹೊಸ ಹಂಚಿಕೆಗೆ ಹೋಗುತ್ತದೆ. 2020ರ ಮಾರ್ಚ್ ಕೊನೆಯಲ್ಲಿ ಗಾಬರಿಯಾಗಿ, ಮೊಬೈಲಿಗೆ ಬಂದ ಒಟಿಪಿ ಒತ್ತಿ ಎಲ್ಲವನ್ನೂ ಸರ್ಕಾರಿ ಬಾಂಡಿಗೆ ತಿರುಗಿಸಿದವರು ಅಂದಿನ ಕನಿಷ್ಠ ಬೆಲೆಗೆ ಷೇರು ಮಾರಿದಂತಾಯಿತು. ಸೆನ್ಸೆಕ್ಸ್ ಅದೇ ನವೆಂಬರಿನಲ್ಲಿ ಜನವರಿಯ ಮಟ್ಟ ದಾಟಿತು. ಹೀಗೆ ಗಾಬರಿ ಬೀಳುವ ಸ್ವಭಾವ ತಮ್ಮದೆಂದು ಗೊತ್ತಿರುವವರಿಗೆ ಶೇ. 75ಕ್ಕಿಂತ ಶೇ. 50ರಲ್ಲಿ ಅಲುಗಾಡದೆ ಕೂರುವುದೇ ಲಾಭ.

ಇನ್ನು ಬಾಂಡಿನ ಕಡೆ. ಶೇ. 100 ಸರ್ಕಾರಿ ಬಾಂಡ್ ಎಂದರೆ ಬ್ಯಾಂಕಿನ ಎಫ್‌ಡಿ ಇದ್ದ ಹಾಗೆ ಎಂಬ ನಂಬಿಕೆ ವ್ಯಾಪಕವಾಗಿದೆ. ಸರ್ಕಾರ ಸಾಲ ತೀರಿಸದೆ ಹೋಗುವ ಅಪಾಯ ಅಲ್ಲಿ ಇಲ್ಲವೆನ್ನುವಷ್ಟು ಕಡಿಮೆ, ನಿಜ. ಆದರೆ ಪಿಂಚಣಿ ನಿಧಿಗಳು ಕೊಳ್ಳುವುದು ಬಹುತೇಕ ದೀರ್ಘಾವಧಿಯ ಬಾಂಡ್‌ಗಳನ್ನು. ಪೇಟೆಯಲ್ಲಿ ಬಡ್ಡಿ ಏರಿದರೆ ಕಡಿಮೆ ಬಡ್ಡಿಯ ಹಳೆಯ ಬಾಂಡಿನ ಬೆಲೆ ಇಳಿಯುತ್ತದೆ, ಅವಧಿ ಉದ್ದವಾದಷ್ಟೂ ಇಳಿತ ಹೆಚ್ಚು. 2022ರ ಮೇ ತಿಂಗಳಿಂದ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ. 4ರಿಂದ ಮೇಲೆತ್ತಿ 2023ರ ಫೆಬ್ರುವರಿಗೆ ಶೇ. 6.5ಕ್ಕೆ ತಂದು ನಿಲ್ಲಿಸಿತು. ಬಾಂಡ್ ನಿಧಿಗಳ ಮೌಲ್ಯಕ್ಕೆ ತೊಡಕಾಗುವುದು ಇಂಥ ಕಾಲದಲ್ಲೇ. ಕಂಪನಿ ಸಾಲಪತ್ರಗಳಲ್ಲಿ ಬೇರೆ ಬಗೆಯ ಅಪಾಯವಿದೆ. 2018ರಲ್ಲಿ ಐಎಲ್ ಆ್ಯಂಡ್ ಎಫ್‌ಎಸ್ ಸಾಲ ತೀರಿಸಲಾಗದೆ ಕೈಚೆಲ್ಲಿದಾಗ ಅದರ ಪತ್ರಗಳು ಪಿಂಚಣಿ ನಿಧಿಗಳ ಕೈಯಲ್ಲೂ ಇದ್ದವು.

ಖಾಸಗಿ ನೌಕರರು ಮರೆಯುವ ಇನ್ನೊಂದು ಸಂಗತಿ ಪಿಎಫ್. ಅದು ಹೆಚ್ಚಾಗಿ ಸಾಲಪತ್ರಗಳ ಮೇಲೆ ನಿಂತು, ವರ್ಷಕ್ಕೊಮ್ಮೆ ಬಡ್ಡಿ ಘೋಷಿಸುವ ಖಾತೆ. 2024-25ಕ್ಕೆ ಘೋಷಿಸಿದ ದರ ಶೇ. 8.25. ಪೀಣ್ಯದ ಮಹಿಳೆಯ ಪಿಎಫ್‌ನಲ್ಲಿ 6 ಲಕ್ಷ, ಎನ್‌ಪಿಎಸ್‌ನಲ್ಲಿ 5 ಲಕ್ಷ ಇದ್ದರೆ ಎರಡೂ ಸೇರಿ 11 ಲಕ್ಷ. ಎನ್‌ಪಿಎಸ್‌ನಲ್ಲಿ ಶೇ. 75 ಷೇರು ಇಟ್ಟರೂ ಒಟ್ಟು ಮೊತ್ತದಲ್ಲಿ ಷೇರಿನದು 3.75 ಲಕ್ಷ, ಸುಮಾರು ಶೇ. 34. ಮೂರನೇ ಎರಡು ಭಾಗ ಆಗಲೇ ಸಾಲಪತ್ರದಲ್ಲಿರುವವರು ಎನ್‌ಪಿಎಸ್‌ನಲ್ಲೂ ಅದನ್ನೇ ತುಂಬುವುದಕ್ಕೆ ಅರ್ಥವಿಲ್ಲ.

ಇಂಥವರಿಗೆ ‘ಆಕ್ಟಿವ್ ಚಾಯ್ಸ್’ ಹೊಂದುತ್ತದೆ. ಅಲ್ಲಿ ಪಾಲು ತಾವೇ ನಿಗದಿ ಮಾಡಬಹುದು, ಷೇರಿಗೆ ಶೇ. 75ರವರೆಗೆ. ವಯಸ್ಸಾಯಿತೆಂದು ಅದು ತಾನಾಗಿ ಇಳಿಯುವುದಿಲ್ಲ, ಆದ್ದರಿಂದ ಐವತ್ತರ ಹೊತ್ತಿಗೆ ಇಳಿಸುವ ಕೆಲಸ ಖಾತೆದಾರರದೇ. ಮ್ಯೂಚುವಲ್ ಫಂಡಿನಂತೆ ಇಲ್ಲಿ ಬದಲಾವಣೆಗೆ ಆದಾಯ ತೆರಿಗೆ ಬೀಳುವುದಿಲ್ಲ. 2025ರ ಅಕ್ಟೋಬರ್ 1ರಿಂದ ಖಾಸಗಿ ವಲಯದವರಿಗೆ ಶೇ. 100 ಷೇರಿನ ಯೋಜನೆಗಳೂ ಬಂದಿವೆ. ಅವನ್ನು ನೋಡುವ ಮೊದಲು ಪಿಎಫ್ ಸೇರಿಸಿದ ಲೆಕ್ಕ ಮುಗಿದಿರಬೇಕು. ಇಷ್ಟೆಲ್ಲ ನೆನಪಿಟ್ಟುಕೊಳ್ಳಲು ಆಗದವರಿಗೆ ಆಟೋದಲ್ಲೇ ‘ಬ್ಯಾಲೆನ್ಸ್ಡ್ ಲೈಫ್ ಸೈಕಲ್’ ಎಂಬುದಿದೆ. ಶೇ. 50ರಿಂದ ಶುರುವಾದರೂ 45ರವರೆಗೆ ಅಲ್ಲೇ ನಿಂತು ಆಮೇಲೆ ಇಳಿಯುತ್ತದೆ. ಎಲ್‌ಸಿ75 ಆ ವಯಸ್ಸಿಗೆ ಶೇ. 35ಕ್ಕೆ ಬಂದಿರುತ್ತದಲ್ಲ!

ಸರ್ಕಾರಿ ನೌಕರರ ಪಾಡು ಬೇರೆ. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರ ನಂತರ ಸೇವೆಗೆ ಸೇರಿದವರು ಎನ್‌ಪಿಎಸ್‌ಗೆ ಬಂದವರು. ಏನನ್ನೂ ಆರಿಸದ ಸರ್ಕಾರಿ ನೌಕರರ ಹಣ ಹೋಗುವ ಡೀಫಾಲ್ಟ್ ಯೋಜನೆಯಲ್ಲಿ ಷೇರಿನ ಮಿತಿ ಬಹುಕಾಲ ಶೇ. 15 ಇತ್ತು. ಕೇಂದ್ರ ನೌಕರರಿಗೆ 2019ರಿಂದ ಎಲ್‌ಸಿ25, ಎಲ್‌ಸಿ50, ಪೂರ್ತಿ ಸರ್ಕಾರಿ ಬಾಂಡ್ ಎಂಬ ಆಯ್ಕೆಗಳು ಸಿಕ್ಕವು, 2025ರ ಅಕ್ಟೋಬರಿನಲ್ಲಿ ಎಲ್‌ಸಿ75 ಮತ್ತು ಬ್ಯಾಲೆನ್ಸ್ಡ್ ಕೂಡ ಸೇರಿದವು. ಪಿಎಫ್ ಇಲ್ಲದ ಇವರಿಗೆ ಪಿಂಚಣಿಯ ಆಧಾರವೆಲ್ಲ ಈ ಒಂದೇ ಖಾತೆ, ಹಾಗಾಗಿ ಪೀಣ್ಯದ ಲೆಕ್ಕವನ್ನು ಇಲ್ಲಿಗೆ ತಂದು ಹಚ್ಚಲಾಗದು. 34ರಲ್ಲಿರುವವರಿಗೆ ಡೀಫಾಲ್ಟ್ ತೀರಾ ಅಳುಕಿನದು, ಎಲ್‌ಸಿ50 ಅಥವಾ ಬ್ಯಾಲೆನ್ಸ್ಡ್ ಅದಕ್ಕಿಂತ ಮೇಲು. ರಾಜ್ಯ ನೌಕರರು ತಮಗೆ ಯಾವ ಆಯ್ಕೆ ತೆರೆದಿದೆ ಎಂಬುದನ್ನು ಸಂಬಳ ಬಟವಾಡೆ ಅಧಿಕಾರಿಯ ಬಳಿ ಕೇಳಬೇಕು. ಹೋಗುವ ಮುನ್ನ ಎನ್‌ಪಿಎಸ್‌ನ ವಾರ್ಷಿಕ ಲೆಕ್ಕಪತ್ರ ತೆಗೆದು, ಸ್ಕೀಮ್ ಹೆಸರಿನ ಎದುರು ಏನಿದೆ ಎಂದು ನೋಡಿಕೊಂಡು ಹೋದರೆ ಅರ್ಧ ಮಾತು ಉಳಿಯುತ್ತದೆ.